ಒಂದೇ ಯಂತ್ರ, ಮೂರು ಲೆಕ್ಕ: ಹೈರ್ ಪರ್ಚೇಸ್ ಖರೀದಿಯನ್ನು ಕೊಂಡವರ ಪುಸ್ತಕದಲ್ಲಿ ಹೇಗೆ ಬರೆಯಬೇಕು?

ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ನಮ್ಮವರ ಹೋಟೆಲುಗಳ ಲೆಕ್ಕ ಬರೆಯುವವರ ಮುಂದೆ ಹೈರ್ ಪರ್ಚೇಸ್ ಕಾಗದಗಳು ಆಗಾಗ ಬಂದು ಬೀಳುತ್ತವೆ. ದೊಡ್ಡ ಗ್ರೈಂಡರ್, ಫ್ರೀಜರ್, ಕ್ಯಾಟರಿಂಗಿನ ಟೆಂಪೊ, ಈಚೆಗೆ ಪಾತ್ರೆ ತೊಳೆಯುವ ಯಂತ್ರ. ಒಂದಿಷ್ಟು ಹಣ ಮೊದಲೇ ಕೊಟ್ಟು, ಉಳಿದುದನ್ನು ಬಡ್ಡಿಸಹಿತ ಕಂತಿನಲ್ಲಿ ತೀರಿಸುವುದು ಪದ್ಧತಿ. ಕಡೆಯ ಕಂತು ಕಟ್ಟುವವರೆಗೆ ಮಾಲೀಕತ್ವ ಮಾರಿದವರದು, ಬಳಕೆ ಕೊಂಡವರದು.

ಇದನ್ನು ಕೊಂಡವರ ಪುಸ್ತಕದಲ್ಲಿ ಬರೆಯಲು ಮೂರು ವಿಧಾನಗಳಿವೆ: ಪೂರ್ಣ ನಗದು ಬೆಲೆ ವಿಧಾನ, ಪಾವತಿಸಿದ ನಗದು ಬೆಲೆ ವಿಧಾನ ಮತ್ತು ಬಡ್ಡಿ ಸಸ್ಪೆನ್ಸ್ ವಿಧಾನ. ಬಿ.ಕಾಂ. ವಿದ್ಯಾರ್ಥಿಗಳು ಮೂರನ್ನೂ ಪರೀಕ್ಷೆಗೆಂದು ಕಲಿಯುತ್ತಾರೆ. ಆದರೆ ಯಾವುದನ್ನು ಯಾವಾಗ ಆರಿಸಬೇಕು ಎಂಬ ಪ್ರಶ್ನೆಗೆ ತರಗತಿಯಲ್ಲಿ ಉತ್ತರ ಸಿಗುವುದು ಅಪರೂಪ. ನನ್ನ ಉತ್ತರ ಇದು: ಮೂರೂ ವಿಧಾನಗಳಲ್ಲಿ ಲಾಭ ಒಂದೇ ಬರುತ್ತದೆ, ಬರಲೇಬೇಕು. ವ್ಯತ್ಯಾಸವಿರುವುದು ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ಎಷ್ಟು ಕಾಣುತ್ತದೆ ಎಂಬುದರಲ್ಲಿ. ಹಾಗಾಗಿ ಆ ಪಟ್ಟಿಯನ್ನು ಓದುವವರು ಯಾರು ಎಂದು ನೋಡಿಕೊಂಡು ವಿಧಾನವನ್ನು ಆರಿಸಬೇಕು.

ಉದಾಹರಣೆಗೆ ಒಂದು ಯಂತ್ರ

ಡೊಂಬಿವಲಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ನಡೆಸುವ ಹೋಟೆಲು ಎಂದಿಟ್ಟುಕೊಳ್ಳೋಣ. 2022ರ ಏಪ್ರಿಲ್ 1ರಂದು ಅವರು ಪಾತ್ರೆ ತೊಳೆಯುವ ಯಂತ್ರವೊಂದನ್ನು ಹೈರ್ ಪರ್ಚೇಸಿನಲ್ಲಿ ಕೊಂಡರು. ಒಟ್ಟಿಗೆ ಹಣ ಕೊಟ್ಟಿದ್ದರೆ ಅದರ ಬೆಲೆ 4,00,000 ರೂಪಾಯಿ. ಅವರು ಅಂದು ಕೊಟ್ಟದ್ದು 69,000. ಉಳಿದುದಕ್ಕೆ 2023, 2024 ಮತ್ತು 2025ರ ಮಾರ್ಚ್ 31ರಂದು ತಲಾ 1,33,100 ರೂಪಾಯಿಯ ಮೂರು ಕಂತುಗಳು. ನಿಜಜೀವನದಲ್ಲಿ ಕಂತು ಸಾಮಾನ್ಯವಾಗಿ ತಿಂಗಳಿಗೊಂದು ಇರುತ್ತದೆ. ಲೆಕ್ಕದ ನಡೆ ಕಣ್ಣಿಗೆ ಕಾಣಲೆಂದು ಇಲ್ಲಿ ವರ್ಷಕ್ಕೊಂದು ಇಟ್ಟುಕೊಂಡಿದ್ದೇನೆ. ತಿಂಗಳ ಕಂತಿನಲ್ಲೂ ತರ್ಕ ಬದಲಾಗುವುದಿಲ್ಲ.

ಒಟ್ಟು ಕೊಡುವುದು 4,68,300. ನಗದು ಬೆಲೆ 4,00,000. ನಡುವಿನ 68,300 ರೂಪಾಯಿ ಬಡ್ಡಿ. ಈ 4,00,000 ಎಂಬ ಸಂಖ್ಯೆಯನ್ನು ಮೊದಲು ಗಟ್ಟಿಮಾಡಿಕೊಳ್ಳಬೇಕು. ಒಪ್ಪಂದದಲ್ಲಿ ಕಂತುಗಳ ಮೊತ್ತವನ್ನು ದಪ್ಪ ಅಕ್ಷರದಲ್ಲಿ ಬರೆದು ನಗದು ಬೆಲೆಯನ್ನು ಎಲ್ಲೋ ಮೂಲೆಯಲ್ಲಿ ಹಾಕಿರುತ್ತಾರೆ. ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂದೂ ನೋಡಬೇಕು. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಕೊಂಡ ವಸ್ತುವಿನ ಮೇಲಿನ ಜಿಎಸ್‌ಟಿ ಮರಳಿ ಸಿಗುವುದಿಲ್ಲ, ಆದ್ದರಿಂದ ಆ ತೆರಿಗೆಯೂ ಯಂತ್ರದ ಬೆಲೆಯೊಳಗೇ ಸೇರುತ್ತದೆ. ನಮ್ಮ 4,00,000 ಅದನ್ನು ಸೇರಿಸಿಕೊಂಡ ಮೊತ್ತ.

ವಿಧಾನ ಯಾವುದೇ ಇರಲಿ, ಬಡ್ಡಿ ಮೊದಲು

ವಿಧಾನದ ಚರ್ಚೆಗಿಂತ ಮೊದಲು ಬಡ್ಡಿಯನ್ನು ವರ್ಷವರ್ಷಕ್ಕೆ ಸರಿಯಾಗಿ ಹಂಚಬೇಕು. ಇಲ್ಲಿ ತಪ್ಪಿದರೆ ಮೂರು ವಿಧಾನಗಳೂ ಒಟ್ಟಿಗೆ ತಪ್ಪುತ್ತವೆ.

ಮಾರುವವರು ಬಡ್ಡಿಯನ್ನು ಹೇಳುವ ರೀತಿ ಬೇರೆ. 68,300ನ್ನು ಮೂರು ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ ಸುಮಾರು 22,767. ಮೊದಲ ದಿನದ ಬಾಕಿ 3,31,000ಕ್ಕೆ ಹೋಲಿಸಿದರೆ ಇದು ಶೇ. 6.88 ಅಷ್ಟೇ. “ಏಳಕ್ಕಿಂತ ಕಡಿಮೆ ಬಡ್ಡಿ” ಎಂದು ಕೇಳಿ ಗ್ರಾಹಕರು ಸಮಾಧಾನ ಪಡುತ್ತಾರೆ. ಆದರೆ ಮೊದಲ ಕಂತು ಕಟ್ಟಿದ ಮೇಲೆ ಬಾಕಿ 3,31,000 ಉಳಿಯುವುದಿಲ್ಲವಲ್ಲ. ಇಳಿಯುತ್ತಿರುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಈ ಒಪ್ಪಂದದ ನಿಜವಾದ ದರ ಸರಿಯಾಗಿ ಶೇ. 10. ಪುಸ್ತಕಕ್ಕೆ ಬೇಕಾದದ್ದು ಈ ದರ.

| ಮಾರ್ಚ್ 31 | ಆರಂಭದ ಬಾಕಿ | ಬಡ್ಡಿ ಶೇ. 10 | ಕಂತು | ಅಸಲಿಗೆ ಹೋದದ್ದು | ಉಳಿದ ಬಾಕಿ |
|---|---|---|---|---|---|
| 2023 | 3,31,000 | 33,100 | 1,33,100 | 1,00,000 | 2,31,000 |
| 2024 | 2,31,000 | 23,100 | 1,33,100 | 1,10,000 | 1,21,000 |
| 2025 | 1,21,000 | 12,100 | 1,33,100 | 1,21,000 | 0 |

ಕಂತು ಬದಲಾಗದಿದ್ದರೂ ಅದರ ಒಳಗಿನ ಬಡ್ಡಿ ವರ್ಷವರ್ಷಕ್ಕೂ ಇಳಿಯುತ್ತದೆ, ಅಸಲು ಏರುತ್ತದೆ. ಕಡೆಯ ಸಾಲಿನಲ್ಲಿ ಬಾಕಿ ಸೊನ್ನೆಗೆ ಬಂದು ನಿಂತರೆ ದರ ಸರಿಯಿದೆ ಎಂದು ಅರ್ಥ. ಹತ್ತಿಪ್ಪತ್ತು ರೂಪಾಯಿ ಉಳಿದರೆ ಅದು ಪೈಸೆಗಳನ್ನು ದುಂಡಾಗಿಸಿದ್ದರಿಂದ ಬಂದದ್ದು, ಕಡೆಯ ವರ್ಷದ ಬಡ್ಡಿಯಲ್ಲಿ ಸರಿಪಡಿಸಬಹುದು. ಸಾವಿರಗಳಲ್ಲಿ ಉಳಿದರೆ ದರವೋ ನಗದು ಬೆಲೆಯೋ ತಪ್ಪಾಗಿದೆ.

ಒಪ್ಪಂದದಲ್ಲಿ ದರವಿದ್ದು ನಗದು ಬೆಲೆ ಇಲ್ಲದಿದ್ದರೆ ಕಡೆಯ ಕಂತಿನಿಂದ ಹಿಂದಕ್ಕೆ ಬರಬೇಕು. ಕಡೆಯ 1,33,100ರಲ್ಲಿ 110ಕ್ಕೆ 10ರಂತೆ ಬಡ್ಡಿ 12,100. ಉಳಿದ 1,21,000 ಅಸಲು. ಅದಕ್ಕೆ ಎರಡನೆಯ ಕಂತನ್ನು ಕೂಡಿಸಿದರೆ 2,54,100. ಅದರ ಹನ್ನೊಂದನೆಯ ಒಂದು ಭಾಗ 23,100 ಬಡ್ಡಿ, ಉಳಿದದ್ದು 2,31,000. ಮತ್ತೆ ಮೊದಲ ಕಂತು ಕೂಡಿಸಿದರೆ 3,64,100. ಬಡ್ಡಿ 33,100 ಕಳೆದರೆ 3,31,000. ಇದಕ್ಕೆ ಮೊದಲು ಕೊಟ್ಟ 69,000 ಸೇರಿಸಿದರೆ ನಗದು ಬೆಲೆ 4,00,000 ಸಿಕ್ಕಿತು.

ಇನ್ನು ನಗದು ಬೆಲೆ ಇದೆ, ದರ ಮಾತ್ರ ಗೊತ್ತಿಲ್ಲ ಎನ್ನುವ ಸಂದರ್ಭ. ಪ್ರತಿ ವರ್ಷದ ಆರಂಭದಲ್ಲಿ ಎಷ್ಟು ಕಂತು ಬಾಕಿಯಿದೆಯೋ ಆ ಪ್ರಮಾಣದಲ್ಲಿ, ಅಂದರೆ ಇಲ್ಲಿ 3:2:1ರಂತೆ, ಬಡ್ಡಿಯನ್ನು ಹಂಚುವ ರೂಢಿಯಿದೆ. ಹಾಗೆ ಮಾಡಿದರೆ 34,150, 22,767 ಮತ್ತು 11,383 ಬರುತ್ತದೆ. ನಿಜವಾದ ಹಂಚಿಕೆಗೆ ಇದು ಸಾಕಷ್ಟು ಹತ್ತಿರ. ವರ್ಷಕ್ಕೆ ಸಮಪಾಲು 22,767 ಬರೆಯುವುದನ್ನು ಮಾತ್ರ ಒಪ್ಪಲಾಗದು. ಮೊದಲ ವರ್ಷವೇ 10,333 ರೂಪಾಯಿ ಬಡ್ಡಿ ಕಡಿಮೆ ಬಿದ್ದು ಅಷ್ಟು ಲಾಭ ಹೆಚ್ಚಾಗಿ ಕಾಣುತ್ತದೆ.

“ನಮ್ಮದಲ್ಲದ ಯಂತ್ರ ನಮ್ಮ ಆಸ್ತಿ ಹೇಗೆ?”

ಕಾಗದ ಓದುವ ಮಾಲೀಕರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. “ಕಡೆಯ ಕಂತಿನವರೆಗೆ ಯಂತ್ರ ಮಾರಿದವರದೇ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿದೆ. ಹಾಗಿರುವಾಗ ಅದನ್ನು ನಮ್ಮ ಆಸ್ತಿ ಎಂದು ಬರೆಯುವುದು ಸುಳ್ಳಾಗುವುದಿಲ್ಲವೇ ಸ್ವಾಮಿ?” ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಲೆಕ್ಕಶಾಸ್ತ್ರ ಇಲ್ಲಿ ಕಾಗದದ ಮಾಲೀಕತ್ವಕ್ಕಿಂತ ವ್ಯವಹಾರದ ತಿರುಳನ್ನು ನೋಡುತ್ತದೆ. ಯಂತ್ರವನ್ನು ದಿನವೂ ದುಡಿಸಿಕೊಳ್ಳುವವರು ಹೋಟೆಲಿನವರು. ಅದು ಕೆಟ್ಟರೆ ರಿಪೇರಿ ಮಾಡಿಸುವವರು, ಸವೆದರೆ ನಷ್ಟ ಹೊರುವವರು, ಮೂರು ವರ್ಷದ ನಂತರ ಇಟ್ಟುಕೊಳ್ಳುವವರು ಎಲ್ಲ ಅವರೇ. ಭಾರತದ ಲೆಕ್ಕಪತ್ರ ಮಾನಕ ಎಎಸ್ 19, ಷರತ್ತುಗಳನ್ನು ಪೂರೈಸಿದ ಮೇಲೆ ಮಾಲೀಕತ್ವ ಪಡೆಯುವ ಆಯ್ಕೆಯಿರುವ ಇಂಥ ಒಪ್ಪಂದಗಳನ್ನು ಗುತ್ತಿಗೆಯ ವ್ಯಾಖ್ಯೆಯೊಳಗೇ ಸೇರಿಸುತ್ತದೆ, ಮತ್ತು ಲಾಭ-ಅಪಾಯಗಳೆಲ್ಲ ಬಳಸುವವರಿಗೆ ದಾಟಿದ್ದರೆ ಅವರೇ ಆಸ್ತಿಯನ್ನೂ ಹೊಣೆಯನ್ನೂ ದಾಖಲಿಸಬೇಕು ಎನ್ನುತ್ತದೆ. ಆದಾಯ ತೆರಿಗೆಯಲ್ಲೂ ನಿಜವಾದ ಹೈರ್ ಪರ್ಚೇಸಿನಲ್ಲಿ ಕೊಂಡವರು ನಗದು ಬೆಲೆಯ ಮೇಲೆ ಸವಕಳಿ ಪಡೆಯುವ ದಾರಿ 1943ರ ಇಲಾಖಾ ಸುತ್ತೋಲೆಯ ಕಾಲದಿಂದ ಇದೆ.

ಕಾನೂನಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ನೋಟ್ಸ್‌ಗಳಲ್ಲಿ 1972ರ ಹೈರ್ ಪರ್ಚೇಸ್ ಕಾಯ್ದೆಯ ಸೆಕ್ಷನ್‌ಗಳನ್ನು ಈಗಲೂ ಕಂಠಪಾಠ ಮಾಡಿಸುತ್ತಾರೆ. ಆ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದರೂ ಜಾರಿಗೆ ಬರಲೇ ಇಲ್ಲ. 2005ರಲ್ಲಿ ಅದನ್ನು ರದ್ದುಮಾಡಲಾಯಿತು. ಇಂದು ಒಪ್ಪಂದದ ಹಕ್ಕುಬಾಧ್ಯತೆಗಳಿಗೆ ಆಧಾರ ಒಪ್ಪಂದದ ಕಾಗದ ಮತ್ತು ಸಾಮಾನ್ಯ ಕರಾರು ಕಾಯ್ದೆ. ಆದ್ದರಿಂದ ಕಾಗದವನ್ನು ಕಡೆಯ ಪುಟದವರೆಗೆ ಓದಬೇಕು.

ಪೂರ್ಣ ನಗದು ಬೆಲೆ ವಿಧಾನ

ಇದರಲ್ಲಿ ಮೊದಲ ದಿನವೇ ಯಂತ್ರವನ್ನು ಸಾಲದ ಮೇಲೆ ಪೂರ್ತಿ ಕೊಂಡಂತೆ ಬರೆಯುತ್ತೇವೆ. 2022ರ ಏಪ್ರಿಲ್ 1ರಂದು ಯಂತ್ರದ ಖಾತೆಗೆ 4,00,000 ಡೆಬಿಟ್, ಮಾರಾಟಗಾರರ ಖಾತೆಗೆ 4,00,000 ಕ್ರೆಡಿಟ್. ಕೊಟ್ಟ 69,000ಕ್ಕೆ ಮಾರಾಟಗಾರರಿಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಅಲ್ಲಿಗೆ ಮಾರಾಟಗಾರರ ಬಾಕಿ 3,31,000.

2023ರ ಮಾರ್ಚ್ 31ರಂದು ಮೊದಲು ಬಡ್ಡಿ ಖಾತೆಗೆ 33,100 ಡೆಬಿಟ್ ಮಾಡಿ ಮಾರಾಟಗಾರರಿಗೆ ಕ್ರೆಡಿಟ್ ಮಾಡಬೇಕು. ಆಮೇಲೆ ಕಂತಿನ 1,33,100ನ್ನು ಮಾರಾಟಗಾರರಿಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಈ ಕ್ರಮ ಮುಖ್ಯ. ಬಡ್ಡಿಯನ್ನು ಬರೆಯದೆ ಕಂತನ್ನು ಮಾತ್ರ ಹಾಕಿಬಿಟ್ಟರೆ ಮೂರನೆಯ ವರ್ಷದ ಕೊನೆಗೆ ಮಾರಾಟಗಾರರ ಖಾತೆ 68,300 ಡೆಬಿಟ್ ತೋರಿಸುತ್ತಾ ಕೂರುತ್ತದೆ, ಅಂದರೆ ಅವರೇ ನಮಗೆ ಕೊಡಬೇಕು ಎಂಬಂತೆ. ಲೆಡ್ಜರಿನಲ್ಲಿ ಇಂಥ ಡೆಬಿಟ್ ಬಾಕಿ ಕಂಡರೆ ಬಡ್ಡಿಯ ನಮೂದು ಬಿಟ್ಟುಹೋಗಿದೆ ಎಂದು ತಕ್ಷಣ ತಿಳಿಯಬಹುದು.

ಸವಕಳಿ ಇಳಿಕೆಯ ಬಾಕಿ ಪದ್ಧತಿಯಲ್ಲಿ ಶೇ. 15 ಎಂದುಕೊಂಡರೆ ಮೊದಲ ವರ್ಷ 60,000. ಯಂತ್ರದ ಪುಸ್ತಕ ಬೆಲೆ 3,40,000ಕ್ಕೆ ಇಳಿಯಿತು. ಎರಡನೆಯ ವರ್ಷ ಸವಕಳಿ 51,000, ಬೆಲೆ 2,89,000. ಮೂರನೆಯ ವರ್ಷ 43,350, ಬೆಲೆ 2,45,650.

ಮೊದಲ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಕಡೆ ಯಂತ್ರ 3,40,000, ಇನ್ನೊಂದು ಕಡೆ ಹೈರ್ ಪರ್ಚೇಸ್ ಸಾಲ 2,31,000. ಆ ಸಾಲದಲ್ಲಿ 1,10,000 ಮುಂದಿನ ವರ್ಷದೊಳಗೆ ತೀರಿಸಬೇಕಾದದ್ದು, 1,21,000 ಅದರಾಚೆಯದು ಎಂದು ಒಡೆದು ತೋರಿಸಿದರೆ ಓದುವವರಿಗೆ ಚಿತ್ರ ಪೂರ್ತಿ ಸಿಗುತ್ತದೆ. ಮೂರರಲ್ಲಿ ನೇರವಾದದ್ದು ಇದು.

ಪಾವತಿಸಿದ ನಗದು ಬೆಲೆ ವಿಧಾನ

ಇಲ್ಲಿನ ತರ್ಕ ಮೇಲೆ ಕೇಳಿದ ಪ್ರಶ್ನೆಯಿಂದಲೇ ಹುಟ್ಟಿದೆ: ಹಣ ಎಷ್ಟು ಕೊಟ್ಟಿದ್ದೇವೋ ಅಷ್ಟು ಮಾತ್ರ ನಮ್ಮದು. ಮೊದಲ ದಿನ ಯಂತ್ರದ ಖಾತೆಗೆ 69,000 ಮಾತ್ರ ಡೆಬಿಟ್. ಮಾರಾಟಗಾರರಿಗೆ ಸಾಲ ಎಂದು ಏನನ್ನೂ ಬರೆಯುವುದಿಲ್ಲ. ಮೊದಲ ಕಂತು ಬಾಕಿಯಾದಾಗ ಅದನ್ನು ಒಡೆಯುತ್ತೇವೆ: ಅಸಲಿನ 1,00,000 ಯಂತ್ರಕ್ಕೆ ಡೆಬಿಟ್, 33,100 ಬಡ್ಡಿಗೆ ಡೆಬಿಟ್, ಒಟ್ಟು 1,33,100 ಮಾರಾಟಗಾರರಿಗೆ ಕ್ರೆಡಿಟ್. ಹಣ ಕೊಟ್ಟ ಕೂಡಲೇ ಮಾರಾಟಗಾರರ ಖಾತೆ ಸೊನ್ನೆ.

ಈ ವಿಧಾನದ ಅತಿ ದೊಡ್ಡ ತೊಡಕು ಸವಕಳಿ. ಯಂತ್ರದ ಖಾತೆಯಲ್ಲಿ ವರ್ಷದ ಕೊನೆಗೆ 1,69,000 ಕಾಣುತ್ತದೆ. ಸಹಜವಾಗಿ ಕೈ ಅದರ ಶೇ. 15ಕ್ಕೆ, ಅಂದರೆ 25,350ಕ್ಕೆ ಹೋಗುತ್ತದೆ. ತಪ್ಪು. ಯಂತ್ರ ಸವೆಯುವುದು ನಾವು ಕೊಟ್ಟ ಹಣದ ಪ್ರಮಾಣದಲ್ಲಲ್ಲ. ಪೂರ್ತಿ ಯಂತ್ರ ಅಡುಗೆಮನೆಯಲ್ಲಿ ದುಡಿಯುತ್ತಿದೆ, ಪೂರ್ತಿಯಾಗಿ ಸವೆಯುತ್ತಿದೆ. ಸವಕಳಿ 4,00,000ದ ಮೇಲೆ 60,000ವೇ ಆಗಬೇಕು. 25,350 ಬರೆದರೆ ಆ ವರ್ಷದ ಲಾಭ 34,650 ರೂಪಾಯಿ ಉಬ್ಬುತ್ತದೆ.

ಸರಿಯಾಗಿ ಬರೆದರೆ ಯಂತ್ರದ ಬೆಲೆ 69,000ಕ್ಕೆ 1,00,000 ಕೂಡಿ 60,000 ಕಳೆದು 1,09,000. ಈಗ ಮೊದಲ ವಿಧಾನದತ್ತ ತಿರುಗಿ ನೋಡಿ: ಅಲ್ಲಿ ಯಂತ್ರ 3,40,000, ಸಾಲ 2,31,000, ವ್ಯತ್ಯಾಸ 1,09,000. ಎರಡನೆಯ ವರ್ಷ ಇಲ್ಲಿ 1,09,000ಕ್ಕೆ 1,10,000 ಕೂಡಿ 51,000 ಕಳೆದರೆ 1,68,000. ಅಲ್ಲಿ 2,89,000ದಲ್ಲಿ 1,21,000 ಕಳೆದರೂ 1,68,000. ಮೂರನೆಯ ವರ್ಷ ಎರಡೂ ಕಡೆ 2,45,650. ಪ್ರತಿ ಮಾರ್ಚಿನಲ್ಲಿ ಈ ತಾಳೆ ನೋಡಿದರೆ ಸವಕಳಿಯ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಎರಡರಲ್ಲೂ ಲಾಭ-ನಷ್ಟ ಖಾತೆಗೆ ಹೋದದ್ದು ಮೊದಲ ವರ್ಷ 33,100 ಬಡ್ಡಿ ಮತ್ತು 60,000 ಸವಕಳಿ, ಒಟ್ಟು 93,100. ಒಂದು ರೂಪಾಯಿಯೂ ವ್ಯತ್ಯಾಸವಿಲ್ಲ.

ವ್ಯತ್ಯಾಸವಾದದ್ದು ಸಾಲದಲ್ಲಿ. 2,31,000 ರೂಪಾಯಿಯ ಹೊಣೆ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹೋಟೆಲಿನ ಸ್ವಂತ ಬಂಡವಾಳ 8,00,000, ಇತರ ಸಾಲ 6,00,000 ಇದ್ದರೆ ಈ ವಿಧಾನದಲ್ಲಿ ಸಾಲ ಬಂಡವಾಳದ 0.75 ಪಟ್ಟು ಕಾಣುತ್ತದೆ. ಮೊದಲ ವಿಧಾನದಲ್ಲಿ 8,31,000 ಸಾಲ, ಅಂದರೆ 1.04 ಪಟ್ಟು. ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಮಿತಿ ಕೇಳಲು ಹೋದಾಗ 0.75 ಚಂದವಾಗಿ ಕಾಣುತ್ತದೆ ಎಂದು ಕೆಲವರು ಈ ವಿಧಾನವನ್ನೇ ಹಿಡಿಯುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕಂತಿನ ಹಣ ಹೋಗುತ್ತಿರುವುದು ಬ್ಯಾಂಕಿನವರಿಗೆ ಕಾಣುತ್ತದೆ, ಸಾಲ ಮಾತ್ರ ಪಟ್ಟಿಯಲ್ಲಿಲ್ಲ. ಅದನ್ನು ಅವರೇ ಕಂಡುಹಿಡಿದು ಕೇಳುವ ಹೊತ್ತಿಗೆ ಉಳಿದ ಅಂಕಿಗಳ ಮೇಲೂ ಅವರ ವಿಶ್ವಾಸ ಹೋಗಿರುತ್ತದೆ. ವ್ಯವಹಾರ ಕಂಪನಿಯಾಗಿದ್ದರೆ ಎಎಸ್ 19ರ ಪ್ರಕಾರ ಈ ದಾರಿ ಮುಚ್ಚಿಯೇ ಇದೆ: ಆಸ್ತಿಯನ್ನೂ ಹೊಣೆಯನ್ನೂ ಎರಡನ್ನೂ ತೋರಿಸಲೇಬೇಕು.

ಅದೇ ಮಾನಕ ಇನ್ನೂ ಒಂದು ಮಾತು ಹೇಳುತ್ತದೆ. ಆಸ್ತಿಯ ಮೊತ್ತದಿಂದಲೇ ಸಾಲವನ್ನು ಕಳೆದು ತೋರಿಸುವುದು ಸೂಕ್ತವಲ್ಲ. ಪಠ್ಯಪುಸ್ತಕಗಳಲ್ಲಿ “ಯಂತ್ರ 3,40,000, ಕಳೆಯಿರಿ ಮಾರಾಟಗಾರರ ಬಾಕಿ 2,31,000” ಎಂದು ಆಸ್ತಿಯ ಬದಿಯಲ್ಲೇ ಕಳೆಯುವುದನ್ನು ಕಾಣುತ್ತೇವೆ. ಪೂರ್ಣ ನಗದು ಬೆಲೆ ವಿಧಾನದಲ್ಲಿ ಬರೆದು ಕೊನೆಗೆ ಹೀಗೆ ಕಳೆದರೆ ತಿರುಗಿ ಎರಡನೆಯ ವಿಧಾನದ ಜಾಗಕ್ಕೇ ಬಂದಂತೆ. ಪರೀಕ್ಷೆಯಲ್ಲಿ ಪುಸ್ತಕ ಹೇಳಿದಂತೆ ಬರೆಯಿರಿ. ಗ್ರಾಹಕರ ಪಟ್ಟಿಯಲ್ಲಿ ಸಾಲವನ್ನು ಹೊಣೆಯ ಬದಿಯಲ್ಲೇ ಇಡಿ.

ಬಡ್ಡಿ ಸಸ್ಪೆನ್ಸ್ ವಿಧಾನ

ಇದು ಮೊದಲನೆಯದರದೇ ಇನ್ನೊಂದು ರೂಪ. ವ್ಯತ್ಯಾಸವೆಂದರೆ ಮುಂದೆ ಬರಬೇಕಾದ ಪೂರ್ತಿ ಬಡ್ಡಿಯನ್ನೂ ಮೊದಲ ದಿನವೇ ಪುಸ್ತಕಕ್ಕೆ ತರುತ್ತೇವೆ, ಆದರೆ ಖರ್ಚಾಗಿ ಅಲ್ಲ. ಯಂತ್ರಕ್ಕೆ 4,00,000 ಡೆಬಿಟ್, ಬಡ್ಡಿ ಸಸ್ಪೆನ್ಸ್ ಖಾತೆಗೆ 68,300 ಡೆಬಿಟ್, ಮಾರಾಟಗಾರರಿಗೆ 4,68,300 ಕ್ರೆಡಿಟ್. ಪ್ರತಿ ವರ್ಷದ ಕೊನೆಗೆ ಆ ವರ್ಷದ ಬಡ್ಡಿಯನ್ನು ಸಸ್ಪೆನ್ಸಿನಿಂದ ತೆಗೆದು ಬಡ್ಡಿ ಖಾತೆಗೆ ದಾಟಿಸುತ್ತೇವೆ. ಮೊದಲ ವರ್ಷ ಬಡ್ಡಿಗೆ 33,100 ಡೆಬಿಟ್, ಸಸ್ಪೆನ್ಸಿಗೆ 33,100 ಕ್ರೆಡಿಟ್. ಕಂತಿನ ನಮೂದು ಮೊದಲಿನಂತೆಯೇ.

ಮೊದಲ ವರ್ಷದ ಕೊನೆಗೆ ಮಾರಾಟಗಾರರ ಖಾತೆಯಲ್ಲಿ 2,66,200 ಇರುತ್ತದೆ, ಅಂದರೆ ಸರಿಯಾಗಿ ಎರಡು ಕಂತು. ಇದೇ ಈ ವಿಧಾನದ ಅನುಕೂಲ. ಮಾರಾಟಗಾರರು ಕಳಿಸುವ ಬಾಕಿ ಪತ್ರದಲ್ಲಿ “ಉಳಿದ ಕಂತುಗಳು ಎರಡು, ಮೊತ್ತ 2,66,200” ಎಂದಿರುತ್ತದೆ; ಪುಸ್ತಕದಲ್ಲೂ ಅದೇ ಅಂಕಿ. ತಾಳೆ ನೋಡುವುದು ಒಂದು ಗಳಿಗೆಯ ಕೆಲಸ. ಮೊದಲ ವಿಧಾನದಲ್ಲಿ ನಮ್ಮ ಪುಸ್ತಕ 2,31,000 ಹೇಳುತ್ತದೆ, ಅವರ ಪತ್ರ 2,66,200 ಹೇಳುತ್ತದೆ, ನಡುವಿನ 35,200 ಇನ್ನೂ ಬಾರದ ಬಡ್ಡಿ ಎಂದು ಪ್ರತಿ ಸಲವೂ ವಿವರಿಸಬೇಕು. ಹತ್ತಾರು ಯಂತ್ರ, ವಾಹನಗಳನ್ನು ತಿಂಗಳ ಕಂತಿನಲ್ಲಿ ಕೊಂಡಿರುವ ಕ್ಯಾಟರಿಂಗ್ ಸಂಸ್ಥೆಗೆ ಇದು ದೊಡ್ಡ ಉಳಿತಾಯ.

ಅಪಾಯ ಇರುವುದು ಬ್ಯಾಲೆನ್ಸ್ ಶೀಟ್ ಬರೆಯುವಾಗ. ಸಸ್ಪೆನ್ಸಿನಲ್ಲಿ ಉಳಿದ 35,200 ಆಸ್ತಿಯಲ್ಲ. ಆ ಬಡ್ಡಿ ಮುಂದಿನ ಕಾಲಕ್ಕೆ ಸೇರಿದ್ದು, ಇನ್ನೂ ಹುಟ್ಟಿಯೇ ಇಲ್ಲ. ಹೊಣೆಯ ಬದಿಯಲ್ಲಿ 2,66,200ರಿಂದ ಅದನ್ನು ಕಳೆದು 2,31,000 ಮಾತ್ರ ತೋರಿಸಬೇಕು. ಟ್ಯಾಲಿಯಲ್ಲಿ ಈ ಸಸ್ಪೆನ್ಸ್ ಲೆಡ್ಜರನ್ನು `Current Assets` ಗುಂಪಿಗೆ ಹಾಕಿಬಿಟ್ಟರೆ ಆಸ್ತಿ, ಹೊಣೆ ಎರಡೂ 35,200 ಉಬ್ಬಿ ಕೂರುತ್ತವೆ. ಒಟ್ಟು ಸರಿಹೋಗುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಮಾರಾಟಗಾರರ ಲೆಡ್ಜರ್ ಇರುವ ಸಾಲದ ಗುಂಪಿನಲ್ಲೇ ಸಸ್ಪೆನ್ಸನ್ನೂ ಇಟ್ಟರೆ ತಾನಾಗಿ ಕಳೆಯುತ್ತದೆ. ಹಾಗೆಯೇ, ಮಾರಾಟಗಾರರ ಖಾತೆಯನ್ನು ತರಕಾರಿ, ಹಾಲಿನವರ ಜೊತೆ `Sundry Creditors` ಗುಂಪಿನಲ್ಲಿ ಬಿಡಬೇಡಿ. ಅಲ್ಲಿದ್ದರೆ 2025ರವರೆಗಿನ ಸಾಲವೂ ಈ ತಿಂಗಳು ಕೊಡಬೇಕಾದ ಹಾಲಿನ ಬಿಲ್ಲಿನಂತೆ ಓದಿಸಿಕೊಳ್ಳುತ್ತದೆ.

ಕಂತು ತಪ್ಪಿದರೆ

ಮೂರೂ ವಿಧಾನಗಳು ನಿಜವಾಗಿ ಒಂದೇ ಎಂಬುದಕ್ಕೆ ಗಟ್ಟಿಯಾದ ಪರೀಕ್ಷೆ ವ್ಯವಹಾರ ಮುರಿದು ಬಿದ್ದಾಗ ಸಿಗುತ್ತದೆ. 2024ರ ಮಾರ್ಚ್ 31ರ ಎರಡನೆಯ ಕಂತನ್ನು ಕಟ್ಟಲಾಗಲಿಲ್ಲ, ಮಾರಾಟಗಾರರು ಯಂತ್ರವನ್ನು ಪೂರ್ತಿ ಹಿಂತೆಗೆದುಕೊಂಡರು, ಬೇರೆ ಏನನ್ನೂ ಕೇಳಲಿಲ್ಲ ಎಂದುಕೊಳ್ಳೋಣ.

ಪೂರ್ಣ ನಗದು ಬೆಲೆ ವಿಧಾನದಲ್ಲಿ, ಯಂತ್ರ ಹೋದರೂ ಎರಡನೆಯ ವರ್ಷದ ಬಡ್ಡಿ ಮತ್ತು ಸವಕಳಿಯನ್ನು ಬರೆಯಲೇಬೇಕು, ಏಕೆಂದರೆ ವರ್ಷವಿಡೀ ಅದನ್ನು ಬಳಸಿದ್ದಾಗಿದೆ. ಮಾರಾಟಗಾರರ ಬಾಕಿ 2,31,000ಕ್ಕೆ 23,100 ಸೇರಿ 2,54,100. ಯಂತ್ರದ ಪುಸ್ತಕ ಬೆಲೆ 2,89,000. ಮಾರಾಟಗಾರರ ಖಾತೆಗೆ 2,54,100 ಡೆಬಿಟ್ ಮಾಡಿ ಯಂತ್ರದ ಖಾತೆಗೆ ಕ್ರೆಡಿಟ್ ಮಾಡಿದರೆ ಸಾಲ ಮುಗಿಯಿತು, ಯಂತ್ರದ ಖಾತೆಯಲ್ಲಿ 34,900 ಉಳಿಯಿತು. ಅದು ನಷ್ಟ. ಪಾವತಿಸಿದ ಬೆಲೆಯ ವಿಧಾನದಲ್ಲಿ ಯಂತ್ರದ ಖಾತೆ 1,68,000, ಬಾಕಿಯಾದ ಕಂತು 1,33,100. ಕಳೆದರೆ ಅದೇ 34,900. ಸಸ್ಪೆನ್ಸ್ ವಿಧಾನದಲ್ಲಿ ಮಾರಾಟಗಾರರ ಬಾಕಿ 2,66,200, ಸಸ್ಪೆನ್ಸಿನಲ್ಲಿ ಉಳಿದದ್ದು 12,100, ನಿವ್ವಳ 2,54,100. ನಷ್ಟ ಮತ್ತೆ 34,900.

ಹೋಟೆಲಿನವರ ಜೇಬಿನಿಂದ ಅಲ್ಲಿಯವರೆಗೆ ಹೋದದ್ದು 69,000 ಮತ್ತು 1,33,100, ಒಟ್ಟು 2,02,100. ಪುಸ್ತಕದಲ್ಲಿ ಅದು ಎರಡು ವರ್ಷದ ಸವಕಳಿ 1,11,000, ಬಡ್ಡಿ 56,200 ಮತ್ತು ನಷ್ಟ 34,900 ಎಂದು ಹಂಚಿಹೋಗಿದೆ. ಕೂಡಿಸಿ ನೋಡಿ, 2,02,100. ಹಿಂತೆಗೆದುಕೊಂಡ ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಇದೊಂದೇ. ಕೊಟ್ಟ ಹಣಕ್ಕೂ ಖರ್ಚಾದ ಮೊತ್ತಕ್ಕೂ ತಾಳೆಯಾಗದಿದ್ದರೆ ಬಹುತೇಕ ಆ ವರ್ಷದ ಬಡ್ಡಿಯನ್ನೋ ಸವಕಳಿಯನ್ನೋ ಬಿಟ್ಟಿರುತ್ತಾರೆ.

ಹಾಗಾದರೆ ಯಾವುದು?

ಒಂದೆರಡು ಯಂತ್ರ ಕೊಂಡಿರುವ, ಇಂದಲ್ಲ ನಾಳೆ ಬ್ಯಾಂಕಿನ ಬಾಗಿಲು ತಟ್ಟುವ ಹೋಟೆಲಿಗೆ ಪೂರ್ಣ ನಗದು ಬೆಲೆ ವಿಧಾನ. ನಮೂದು ಕಡಿಮೆ, ಸಾಲ ಸ್ಪಷ್ಟ. ಕಂಪನಿಗೂ ಇದು ಸಲೀಸು. ಕಂತಿನ ವಸ್ತುಗಳು ಹಲವಿದ್ದು ತಿಂಗಳು ತಿಂಗಳೂ ಮಾರಾಟಗಾರರ ಪತ್ರದೊಂದಿಗೆ ತಾಳೆ ನೋಡಬೇಕಾದ ಕಡೆ ಸಸ್ಪೆನ್ಸ್ ವಿಧಾನ, ಪಟ್ಟಿಯಲ್ಲಿ ನಿವ್ವಳ ಮೊತ್ತ ತೋರಿಸುವ ಎಚ್ಚರಿಕೆಯೊಂದಿಗೆ. ಪಾವತಿಸಿದ ಬೆಲೆಯ ವಿಧಾನವನ್ನು ಪರೀಕ್ಷೆಗೆ ಚೆನ್ನಾಗಿ ಕಲಿಯಿರಿ, ಹೊಸ ಪುಸ್ತಕಕ್ಕೆ ತರಬೇಡಿ.

ವರ್ಷದ ನಡುವೆ ಕೊಂಡಾಗ ಮಾತ್ರ ಎಲ್ಲ ವಿಧಾನಗಳಲ್ಲೂ ಒಂದು ಹೆಚ್ಚುವರಿ ನಮೂದು ಬೇಕು. ಇದೇ ಯಂತ್ರವನ್ನು ಅಕ್ಟೋಬರ್ 1ರಂದು ಕೊಂಡು ಮೊದಲ ಕಂತು ಮುಂದಿನ ಸೆಪ್ಟೆಂಬರ್ 30ಕ್ಕೆ ಇದ್ದರೆ, ಮಾರ್ಚ್ 31ರಂದು ಕಂತು ಬಾಕಿಯಿಲ್ಲದಿದ್ದರೂ ಆರು ತಿಂಗಳ ಬಡ್ಡಿ 16,550 ಹುಟ್ಟಿರುತ್ತದೆ. ಕಂತು ಬಂದಾಗ ಬರೆದರಾಯಿತು ಎಂದು ಬಿಟ್ಟರೆ ಆ ಖರ್ಚು ಮುಂದಿನ ವರ್ಷಕ್ಕೆ ಜಾರುತ್ತದೆ.

ಹಿಂದಿನವರು ಪಾವತಿಸಿದ ಬೆಲೆಯ ವಿಧಾನದಲ್ಲಿ ಬರೆದಿಟ್ಟ ಪುಸ್ತಕ ಈಗ ನಿಮ್ಮ ಕೈಗೆ ಬಂದಿದ್ದರೆ ಹಳೆಯ ವರ್ಷಗಳನ್ನು ಮತ್ತೆ ಬರೆಯಬೇಕಿಲ್ಲ. 2023ರ ಮಾರ್ಚ್ 31ರಂದು ಯಂತ್ರದ ಖಾತೆಗೆ 2,31,000 ಡೆಬಿಟ್, ಮಾರಾಟಗಾರರ ಖಾತೆಗೆ 2,31,000 ಕ್ರೆಡಿಟ್, ಇಷ್ಟು ಸಾಕು. ಯಂತ್ರ 1,09,000ದಿಂದ 3,40,000ಕ್ಕೆ ಏರುತ್ತದೆ, ಸಾಲ ಬೆಳಕಿಗೆ ಬರುತ್ತದೆ, ಲಾಭ ಅಲುಗಾಡುವುದಿಲ್ಲ. ಏರಿದ ಮೇಲೆ ಯಂತ್ರ 3,40,000ಕ್ಕೆ ನಿಲ್ಲದೆ ಅದಕ್ಕಿಂತ ಹೆಚ್ಚು ತೋರಿಸಿದರೆ ಹಿಂದಿನವರು ಸವಕಳಿಯನ್ನು ಕೊಟ್ಟ ಹಣದ ಮೇಲೆ ಹಾಕಿದ್ದಾರೆ ಎಂದು ತಿಳಿಯಿರಿ. ಆ ವ್ಯತ್ಯಾಸವನ್ನು ಹಿಂದಿನ ಅವಧಿಯ ತಪ್ಪೆಂದು ಬೇರೆಯಾಗಿ ತೋರಿಸಿ ಸರಿಪಡಿಸಬೇಕು.